ಟಪಾಲಿನಲ್ಲಿ ಕಳೆದ ಚೆಕ್ಕು: ಬ್ಯಾಂಕಿಗೆ ಬರೆಯುವ ಒಂದು ಪತ್ರ

2025ರ ನವೆಂಬರ್ 14, ಶುಕ್ರವಾರ ಸಂಜೆ. ನಮ್ಮ ಕಾಕಾ ಅಂಗಡಿ ಬಾಗಿಲು ಹಾಕಿ ಸೀದಾ ನಮ್ಮ ಮನೆಗೆ ಬಂದರು. ವಿಜಯಪುರದಲ್ಲಿ ಅವರದ್ದು ಬಟ್ಟೆ ಅಂಗಡಿ. ಗುಳೇದಗುಡ್ಡದ ನೇಕಾರರೊಬ್ಬರಿಂದ ಖಣ ತರಿಸುತ್ತಾರೆ. ದೀಪಾವಳಿಗೆ ತರಿಸಿದ ಮಾಲಿನ ಬಾಕಿ 38,400 ರೂಪಾಯಿ ಇತ್ತು. ನವೆಂಬರ್ 3ಕ್ಕೆ ಚೆಕ್ಕು ಬರೆದು, ಲಕೋಟೆಗೆ ಹಾಕಿ, ಸಾದಾ ಟಪಾಲಿನಲ್ಲಿ ಕಳಿಸಿದ್ದರು. ಹನ್ನೊಂದು ದಿನ ಆದ ಮೇಲೆ ನೇಕಾರರ ಫೋನು: 'ಸಾಹುಕಾರ್ರ, ಚೆಕ್ಕ ಇನ್ನೂ ಮುಟ್ಟಿಲ್ರಿ.'

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು. ಅದಕ್ಕೇ ಕಾಕಾ ಒಂದು ಪತ್ರ ಬರೆದುಕೊಂಡು ಬಂದು, 'ಇದನ್ನ ನಾಳೆ ಮುಂಜಾನೆ ನಿಮ್ಮ ಮ್ಯಾನೇಜರ್ ಸಾಹೇಬ್ರಿಗೆ ಕೊಟ್ಟುಬಿಡಪ್ಪಾ' ಎಂದರು. ಪತ್ರದಲ್ಲಿ ಹೀಗಿತ್ತು:

'ಮಾನ್ಯರೇ, ನಾನು ತಮ್ಮ ಬ್ಯಾಂಕಿನ ಇಪ್ಪತ್ತು ವರ್ಷದ ಗ್ರಾಹಕನಿದ್ದು, ನಾನು ಟಪಾಲಿನಲ್ಲಿ ಕಳಿಸಿದ ಚೆಕ್ಕು ಸಂಬಂಧಪಟ್ಟವರಿಗೆ ತಲುಪಿರುವುದಿಲ್ಲ. ಆದ್ದರಿಂದ ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.'

ಕೆಳಗೆ ಖಾತೆ ನಂಬರು, ಒಂದು ಒಂಬತ್ತು ಅಂಕಿಯ 'ಚೆಕ್ ನಂಬರು', ಸಹಿ.

ಇಂಥ ಪತ್ರಗಳನ್ನು ನಾನು ಬಹಳ ನೋಡಿದ್ದೇನೆ. ಬರೆದವರಿಗೆ ತಾವು ಹೇಳಬೇಕಾದ್ದನ್ನೆಲ್ಲ ಹೇಳಿದ ಸಮಾಧಾನ ಇರುತ್ತದೆ. ಆದರೆ ಈ ಪತ್ರದಿಂದ ಚೆಕ್ಕು ನಿಲ್ಲುವುದಿಲ್ಲ. ಎರಡು ಕಾರಣ ಇವೆ. ಒಂದು, 'ಸೂಕ್ತ ಕ್ರಮ' ಅಂದರೆ ಏನು ಅಂತ ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಹೊಸ ಚೆಕ್ ಬುಕ್ ಬೇಕೋ, ಹಣ ಹೋಗಿದೆಯೋ ಇಲ್ಲವೋ ನೋಡಿ ಹೇಳಬೇಕೋ, ಚೆಕ್ಕಿನ ಹಣ ಕೊಡಬಾರದೋ? ಖಾತೆ ನಿಮ್ಮದು, ಹುಕುಂ ನೀವೇ ಕೊಡಬೇಕು: 'ಈ ಚೆಕ್ಕಿಗೆ ಹಣ ಕೊಡಬೇಡಿ.' ಎರಡು, ಆ ನಂಬರು ಚೆಕ್ಕಿನದಾಗಿರಲಿಲ್ಲ. ಅದರ ಕಥೆ ಮುಂದೆ ಹೇಳುತ್ತೇನೆ, ಯಾಕಂದರೆ ಇಡೀ ಕೆಲಸ ನಿಂತಿರುವುದೇ ಆ ನಂಬರಿನ ಮೇಲೆ.

ಮೊದಲು, ಚೆಕ್ಕು ಈಗ ಹೇಗೆ ಓಡಾಡುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಪತ್ರ ಯಾಕೆ ಹೀಗೇ ಇರಬೇಕು ಅನ್ನುವುದು ತಾನಾಗೇ ಅರ್ಥ ಆಗುತ್ತದೆ.

ಕಾಕಾನಂಥವರ ಮನಸ್ಸಿನಲ್ಲಿ ಹಳೆಯ ಚಿತ್ರ ಇದೆ. ಚೆಕ್ಕು ಎಲ್ಲಿ ಜಮಾ ಆದರೂ ಕಾಗದ ವಿಜಯಪುರದ ನಮ್ಮ ಶಾಖೆಗೆ ಬರುತ್ತದೆ, ಅಲ್ಲಿ ಗುರುತಿನವರೊಬ್ಬರು ಸಹಿ ನೋಡುತ್ತಾರೆ, 'ಅರೆ, ಇದು ಆ ಕಳೆದ ಚೆಕ್ಕಲ್ವಾ' ಅಂತ ತಡೆಯುತ್ತಾರೆ. ಈಗ ಹಾಗಿಲ್ಲ. ಚೆಕ್ಕನ್ನು ಯಾವ ಊರಿನಲ್ಲಿ ಜಮಾ ಮಾಡಿದರೂ ಅಲ್ಲೇ ಸ್ಕ್ಯಾನ್ ಮಾಡುತ್ತಾರೆ. ಕಾಗದ ಅಲ್ಲೇ ಉಳಿಯುತ್ತದೆ, ಚಿತ್ರ ಮಾತ್ರ ಬರುತ್ತದೆ. ಆ ಚಿತ್ರ ಬರುವುದೂ ಸಾಮಾನ್ಯವಾಗಿ ನಮ್ಮ ಶಾಖೆಗಲ್ಲ, ಬೇರೆಲ್ಲೋ ದೊಡ್ಡ ಊರಿನಲ್ಲಿರುವ ಬ್ಯಾಂಕಿನ ಕ್ಲಿಯರಿಂಗ್ ವಿಭಾಗಕ್ಕೆ. ಅಲ್ಲಿ ಕೂತವರಿಗೆ ಕಾಕಾ ಯಾರು ಅಂತ ಗೊತ್ತಿಲ್ಲ. ಅವರ ಮುಂದೆ ಇರುವುದು ಚೆಕ್ಕಿನ ಚಿತ್ರ, ಖಾತೆಯ ಬಾಕಿ, ಸಹಿಯ ಮಾದರಿ, ಮತ್ತು ಕಂಪ್ಯೂಟರಿನಲ್ಲಿ ಆ ನಂಬರಿಗೆ 'ಸ್ಟಾಪ್' ಗುರುತು ಇದೆಯೋ ಇಲ್ಲವೋ ಅನ್ನುವುದು.

ವೇಗವೂ ಜಾಸ್ತಿ ಆಗಿದೆ. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕು ಕ್ಲಿಯರಿಂಗ್ ಪದ್ಧತಿಯನ್ನು ಬದಲಿಸಿತು. ಆ ಪ್ರಕಾರ ಹಗಲಿಡೀ ಚೆಕ್ಕುಗಳ ಚಿತ್ರ ಒಂದೇ ಸಮನೆ ಹೋಗುತ್ತಿರುತ್ತದೆ. ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಏನೂ ಹೇಳದಿದ್ದರೆ ಒಪ್ಪಿಕೊಂಡ ಹಾಗೆ. ಮೊದಲು ಚೆಕ್ಕು ಹಾಕಿದ ಮೇಲೆ ಒಂದೆರಡು ದಿನ ಸಿಗುತ್ತಿತ್ತು. ಈಗ ಮುಂಜಾನೆ ಹಾಕಿದ ಚೆಕ್ಕಿನ ಹಣ ಸಂಜೆಗೇ ಹೋಗಿರಬಹುದು. ಹಣ ಹೋದ ಮೇಲೆ ಬಂದ ಪತ್ರಕ್ಕೆ ಬ್ಯಾಂಕು ಏನೂ ಮಾಡಲಾರದು.

ಆದ್ದರಿಂದ ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿ ಬರುವುದರಲ್ಲಿ ಅರ್ಥ ಇಲ್ಲ. ಅವರು ಎಷ್ಟೇ ಒಳ್ಳೆಯವರಿದ್ದರೂ ಆ ಚೆಕ್ಕು ಅವರ ಕಣ್ಣಿಗೇ ಬೀಳುವುದಿಲ್ಲ. ಪತ್ರದ ಕೆಲಸ ಒಂದೇ: ಆ ಚೆಕ್ಕಿನ ಚಿತ್ರ ಬರುವುದಕ್ಕಿಂತ ಮೊದಲು ಸರಿಯಾದ ನಂಬರಿಗೆ ಕಂಪ್ಯೂಟರಿನಲ್ಲಿ ಗುರುತು ಬೀಳುವ ಹಾಗೆ ಮಾಡುವುದು.

ಈಗ ನಂಬರಿಗೆ ಬರೋಣ. ನಿಮ್ಮ ಹತ್ತಿರ ಚೆಕ್ ಬುಕ್ ಇದ್ದರೆ ಒಂದು ಹಾಳೆ ತೆಗೆದು ಕೆಳಗಿನ ಬಿಳಿ ಪಟ್ಟಿ ನೋಡಿ. ಅಲ್ಲಿ ವಿಚಿತ್ರ ಅಕ್ಷರದ ಅಂಕಿಗಳು ಗುಂಪು ಗುಂಪಾಗಿವೆ. ಎಡತುದಿಯಲ್ಲಿರುವ ಆರು ಅಂಕಿಯೇ ಚೆಕ್ ನಂಬರು. ಅದರ ಪಕ್ಕದ ಒಂಬತ್ತು ಅಂಕಿ ಎಂಐಸಿಆರ್ ಕೋಡು. ಅದರ ಮೊದಲ ಮೂರು ಅಂಕಿ ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. ವಿಜಯಪುರದ್ದಾದರೆ 586ರಿಂದ ಶುರುವಾಗುತ್ತದೆ, ನಮ್ಮ ಪಿನ್ ಕೋಡಿನ ಹಾಗೇ. ಈ ಒಂಬತ್ತು ಅಂಕಿ ಆ ಶಾಖೆಯ ಎಲ್ಲ ಗ್ರಾಹಕರ ಎಲ್ಲ ಹಾಳೆಗಳ ಮೇಲೂ ಒಂದೇ ಇರುತ್ತದೆ. ಕಾಕಾ ಬರೆದಿದ್ದು ಇದನ್ನೇ. ಉದ್ದಕ್ಕೆ ಇರುವುದರಿಂದ ಇದೇ ಮುಖ್ಯವಾದದ್ದು ಅನ್ನಿಸುತ್ತದೆ, ತಪ್ಪು ಸಹಜ.

'ಕಾಕಾ, ಇದು ಚೆಕ್ಕಿನ ನಂಬರಲ್ರಿ, ನಮ್ಮ ಬ್ರ್ಯಾಂಚಿನ ನಂಬರು' ಎಂದೆ. ಅವರು ಚೆಕ್ ಬುಕ್ ಮುಂದೆ ಇಟ್ಟರು. ಮುಂದಿನ ಹಾಳೆ 004218. 'ಹಂಗಾರ ಕಳೆದದ್ದು 17 ಆತಲ್ಲ' ಎಂದರು.

ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಹಾಳೆಗಳನ್ನು ಎಣಿಸಿದಾಗ 004218 ಆದ ಮೇಲೆ 004220 ಇತ್ತು. ನಡುವಿನ 004219 ಇರಲಿಲ್ಲ. ಯಾವಾಗಲೋ ಅವಸರದಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿ ಹರಿದಿದ್ದರು. ಚೆಕ್ ಬುಕ್ಕಿನ ಮುಂದಿನ ಪುಟದಲ್ಲಿ ಯಾರಿಗೆ, ಎಷ್ಟು, ಯಾವ ತಾರೀಖು ಅಂತ ಬರೆದಿಡಲು ಸಾಲುಗಳಿರುತ್ತವೆ. ಕಾಕಾನ ಬುಕ್ಕಿನಲ್ಲಿ ಅದು ಖಾಲಿ. ಹತ್ತರಲ್ಲಿ ಎಂಟು ಮಂದಿಯ ಬುಕ್ಕಿನಲ್ಲಿ ನಾನು ಅದನ್ನು ಖಾಲಿಯಾಗಿಯೇ ನೋಡಿದ್ದೇನೆ.

ಇಂಥ ಹೊತ್ತಿನಲ್ಲಿ ಊಹೆ ಮಾಡಬಾರದು. ಖಾತೆಯ ಸ್ಟೇಟ್‌ಮೆಂಟ್ ತೆಗೆದು, ಹಣ ಹೋದ ಚೆಕ್ಕುಗಳ ನಂಬರುಗಳನ್ನು ನೋಡಬೇಕು. ಕಾಕಾನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇತ್ತು, ಬಾಕಿ ನೋಡಲು ಮಾತ್ರ ಬಳಸುತ್ತಿದ್ದರು. ಅದರಲ್ಲೇ ತೆಗೆದೆವು. 004215 ಮತ್ತು 004216 ಪಾಸಾಗಿದ್ದವು. 004217 ಕೂಡ ಇಲ್ಲ, 004219 ಕೂಡ ಇಲ್ಲ. ಅಂದರೆ ಎರಡು ಚೆಕ್ಕು ಹೊರಗಿವೆ. ಒಂದು ನೇಕಾರರಿಗೆ ಹೋದದ್ದು, ಇನ್ನೊಂದು? ಸ್ವಲ್ಪ ಹೊತ್ತು ಯೋಚಿಸಿ ಕಾಕಾ, 'ಗೋದಾಮಿನ ಬಾಡಿಗಿ!' ಎಂದರು. ಗೋದಾಮಿನ ಮಾಲೀಕರಿಗೆ ಫೋನ್ ಮಾಡಿದೆವು. ಅವರು ಇನ್ನೂ ಬ್ಯಾಂಕಿಗೆ ಹಾಕಿರಲಿಲ್ಲ, ಕಪಾಟಿನಿಂದ ತೆಗೆದು ಓದಿದರು: 004219. ಹಾಗಾದರೆ ಟಪಾಲಿನಲ್ಲಿ ಹೋದದ್ದು 004217 ಅಂತ ಗಟ್ಟಿಯಾಯಿತು.

ಕಾಕಾನ ಊಹೆ ಈ ಸಲ ಸರಿಯಾಗಿತ್ತು ನಿಜ. ಆದರೆ ತಪ್ಪಾಗಿದ್ದರೆ ಏನಾಗುತ್ತಿತ್ತು ನೋಡಿ. ಬಾಡಿಗೆ ಚೆಕ್ಕು ವಾಪಸ್ ಬರುತ್ತಿತ್ತು, ಕಳೆದ ಚೆಕ್ಕು ಆರಾಮಾಗಿ ಪಾಸಾಗುತ್ತಿತ್ತು. ಬ್ಯಾಂಕನ್ನು ದೂರುವ ಹಾಗೂ ಇರುತ್ತಿರಲಿಲ್ಲ, ಯಾಕಂದರೆ ನೀವು ಹೇಳಿದ ನಂಬರನ್ನೇ ಅವರು ನಿಲ್ಲಿಸಿದ್ದಾರೆ. ಕಂಪ್ಯೂಟರಿನ ಗುರುತು ಬೀಳುವುದು ಖಾತೆ ನಂಬರು ಮತ್ತು ಚೆಕ್ ನಂಬರಿನ ಮೇಲೆ. ಪತ್ರದಲ್ಲಿ ಬರೆಯುವ ಹೆಸರು, ಮೊತ್ತ, ತಾರೀಖು ಎಲ್ಲ ಕೌಂಟರಿನಲ್ಲಿರುವ ನನ್ನಂಥವರು ತಾಳೆ ನೋಡಲಿಕ್ಕೆ. ಎರಡರಲ್ಲಿ ಯಾವುದು ಅಂತ ಗೊತ್ತೇ ಆಗದಿದ್ದರೆ ಎರಡನ್ನೂ ನಿಲ್ಲಿಸಿ, ಗೊತ್ತಾದ ಮೇಲೆ ಒಂದನ್ನು ಬಿಡಿಸಿಕೊಳ್ಳುವುದು ವಾಸಿ. ಇನ್ನೊಬ್ಬರಿಗೆ ಮೊದಲೇ ಫೋನ್ ಮಾಡಿ 'ಒಂದೆರಡು ದಿನ ಹಾಕಬೇಡ್ರಿ' ಎಂದು ಹೇಳಿಬಿಟ್ಟರೆ ಸಾಕು.

ನಂಬರು ಸಿಕ್ಕ ಕೂಡಲೇ, ಅದೇ ರಾತ್ರಿ ಎಂಟೂವರೆಗೆ, ಆ್ಯಪ್‌ನಲ್ಲಿ ಚೆಕ್ಕಿನ ವಿಭಾಗಕ್ಕೆ ಹೋಗಿ 004217ನ್ನು ಸ್ಟಾಪ್ ಮಾಡಿದೆವು. ಮೊಬೈಲಿಗೆ ಮೆಸೇಜ್ ಬಂತು. ಆ್ಯಪ್ ಇಲ್ಲದವರು ಬ್ಯಾಂಕಿನ ಸಹಾಯವಾಣಿಗೆ, ಖಾತೆಗೆ ಜೋಡಿಸಿದ ಮೊಬೈಲಿನಿಂದಲೇ ಫೋನ್ ಮಾಡಬಹುದು. ಅವರು ಕೊಡುವ ದೂರಿನ ಸಂಖ್ಯೆ ಮತ್ತು ಹೊತ್ತು ಬರೆದಿಟ್ಟುಕೊಳ್ಳಬೇಕು.

'ಮತ್ತ ಪತ್ರ ಯಾಕಬೇಕು?' ಎಂದು ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ. ಆ್ಯಪ್‌ನಲ್ಲಿ ಮಾಡಿದ್ದು ಸಾಕು ಎನ್ನುವ ಬ್ಯಾಂಕುಗಳಿವೆ. ಫೋನಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಿ ಎನ್ನುವ ಬ್ಯಾಂಕುಗಳೂ ಇವೆ. ನಮ್ಮ ಕಡೆಯ ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಬಹಳಷ್ಟು ಕೆಲಸ ಪತ್ರದಿಂದಲೇ ನಡೆಯುತ್ತದೆ. ಆದರೆ ನಾನು ಪತ್ರ ಬೇಕೇ ಬೇಕು ಅನ್ನುವುದು ಬೇರೆ ಕಾರಣಕ್ಕೆ. ನಾಳೆ ಏನಾದರೂ ತಪ್ಪಿ ಹಣ ಹೋದರೆ, 'ಇಂಥ ದಿನ ಇಂಥ ಹೊತ್ತಿಗೆ ನಾನು ಬೇಡ ಎಂದು ಹೇಳಿದ್ದೆ' ಎಂದು ತೋರಿಸಲು ಬ್ಯಾಂಕಿನ ಸೀಲು ಬಿದ್ದ ಒಂದು ಹಾಳೆಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ.

ಆ ರಾತ್ರಿ ಕೂತು ಹೊಸದಾಗಿ ಬರೆದ ಪತ್ರ ಇದು. ಹೆಸರು, ಖಾತೆ ನಂಬರು ಬಿಟ್ಟು ಹಾಗೇ ಕೊಡುತ್ತೇನೆ.

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು, ಶಾಖೆ), ವಿಜಯಪುರ

ದಿನಾಂಕ: 15-11-2025

ವಿಷಯ: ಚೆಕ್ ಸಂಖ್ಯೆ 004217ಕ್ಕೆ ಹಣ ಪಾವತಿ ಮಾಡದಂತೆ ತಡೆಯುವ ಬಗ್ಗೆ (ಸ್ಟಾಪ್ ಪೇಮೆಂಟ್)

ಮಾನ್ಯರೇ,

ನಿಮ್ಮ ಶಾಖೆಯಲ್ಲಿರುವ ನಮ್ಮ ಅಂಗಡಿಯ ಚಾಲ್ತಿ ಖಾತೆ ಸಂಖ್ಯೆ (ಪೂರ್ತಿ ಸಂಖ್ಯೆ) ಮೇಲೆ ಬರೆದ ಈ ಕೆಳಗಿನ ಚೆಕ್ಕಿಗೆ ದಯವಿಟ್ಟು ಹಣ ಪಾವತಿ ಮಾಡಬೇಡಿ.

ಚೆಕ್ ಸಂಖ್ಯೆ: 004217
ಚೆಕ್ಕಿನ ಮೇಲಿನ ದಿನಾಂಕ: 03-11-2025
ಮೊತ್ತ: ರೂ. 38,400 (ಮೂವತ್ತೆಂಟು ಸಾವಿರದ ನಾಲ್ಕು ನೂರು ರೂಪಾಯಿ ಮಾತ್ರ)
ಯಾರ ಹೆಸರಿಗೆ: (ಚೆಕ್ಕಿನ ಮೇಲೆ ಬರೆದ ಹಾಗೇ)
ಬಗೆ: ಅಡ್ಡಗೆರೆ ಎಳೆದದ್ದು, 'ಅಕೌಂಟ್ ಪೇಯಿ ಓನ್ಲಿ'

ಈ ಚೆಕ್ಕನ್ನು ದಿನಾಂಕ 03-11-2025ರಂದು ಗುಳೇದಗುಡ್ಡಕ್ಕೆ ಸಾದಾ ಅಂಚೆಯಲ್ಲಿ ಕಳಿಸಿದ್ದು, ದಿನಾಂಕ 14-11-2025ರವರೆಗೆ ಅವರಿಗೆ ತಲುಪಿಲ್ಲ. ಅಂಚೆಯಲ್ಲಿ ಕಳೆದಿದೆ ಎಂದು ತಿಳಿದು ಈ ಸೂಚನೆ ಕೊಡುತ್ತಿದ್ದೇನೆ. ಇದೇ ಚೆಕ್ಕನ್ನು 14-11-2025ರ ರಾತ್ರಿ ಮೊಬೈಲ್ ಆ್ಯಪ್ ಮೂಲಕವೂ ತಡೆದಿದ್ದೇನೆ.

ಈ ಪತ್ರ ಸಿಗುವ ಮೊದಲೇ ಈ ಚೆಕ್ಕಿನ ಹಣ ಪಾವತಿಯಾಗಿದ್ದರೆ, ಯಾವ ಬ್ಯಾಂಕಿನ ಮೂಲಕ ಯಾವ ದಿನ ಎಂದು ಕೂಡಲೇ ತಿಳಿಸಿ. ಇದಕ್ಕೆ ತಗಲುವ ಶುಲ್ಕವನ್ನು ಇದೇ ಖಾತೆಯಿಂದ ತೆಗೆದುಕೊಳ್ಳಬಹುದು. ನಾನು ಬರಹದಲ್ಲಿ ಹೇಳುವವರೆಗೆ ಈ ತಡೆಯನ್ನು ತೆಗೆಯಬೇಡಿ.

ಇಂತಿ,
(ಖಾತೆಯಲ್ಲಿರುವ ಸಹಿ, ಅಂಗಡಿಯ ಸೀಲು, ಮೊಬೈಲ್ ಸಂಖ್ಯೆ)

ಪತ್ರದಲ್ಲಿ ಇಪ್ಪತ್ತು ವರ್ಷದ ಗ್ರಾಹಕ ಅನ್ನುವ ಮಾತಿಲ್ಲ, ಟಪಾಲಿನವರ ಮೇಲೆ ಸಿಟ್ಟಿಲ್ಲ. ಹುಕುಂ ಮೊದಲ ಸಾಲಿನಲ್ಲೇ ಇದೆ. ವಿಷಯದ ಸಾಲಿನಲ್ಲೇ ಚೆಕ್ ನಂಬರು ಇದೆ. ಕೌಂಟರಿನಲ್ಲಿ ಹತ್ತು ಮಂದಿ ನಿಂತಿರುವಾಗ ಪತ್ರ ಕೈಗೆ ತೆಗೆದುಕೊಂಡವರು ಮೊದಲು ಓದುವುದು ಆ ಸಾಲನ್ನೇ. ಅಂಕಿಗಳನ್ನು ಚೆಕ್ಕಿನಲ್ಲಿರುವ ಹಾಗೇ ಬರೆಯಿರಿ, ಮುಂದಿನ ಸೊನ್ನೆಗಳನ್ನೂ ಬಿಡಬೇಡಿ.

ಅಡ್ಡಗೆರೆಯ ಸಾಲು ಸುಮ್ನೆ ಬರೆದದ್ದಲ್ಲ. ಎಷ್ಟು ಅವಸರ ಮಾಡಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ನಡುವೆ 'ಅಕೌಂಟ್ ಪೇಯಿ' ಎಂದು ಬರೆದ ಚೆಕ್ಕಿಗೆ ಕೌಂಟರಿನಲ್ಲಿ ರೊಕ್ಕ ಸಿಗುವುದಿಲ್ಲ. ಹೆಸರಿದ್ದವರ ಖಾತೆಗೇ ಜಮಾ ಆಗಬೇಕು. ಸಿಕ್ಕವರು ಅದನ್ನು ನಗದು ಮಾಡಬೇಕಾದರೆ ಅದೇ ಹೆಸರಿನ ಖಾತೆ ಬೇಕು, ಅಥವಾ ಹೆಸರನ್ನೇ ತಿದ್ದಬೇಕು. ಇಂಥ ಚೆಕ್ಕಿಗೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಗೆರೆ ಇಲ್ಲದ ಬೇರರ್ ಚೆಕ್ಕು ಕಳೆದಿದ್ದರೆ ಮಾತು ಬೇರೆ. ಅದನ್ನು ಹಿಡಿದು ಬಂದವರಿಗೆ ಹಣ ಹೋಗುತ್ತದೆ. ಆಗ ಪತ್ರ ಚೆಂದ ಬರೆಯುತ್ತ ಕೂರಬೇಡಿ. ಫೋನಿನಲ್ಲಿ ಮೊದಲು ನಿಲ್ಲಿಸಿ, ಪತ್ರ ಆಮೇಲೆ. ಸಹಿ ಮಾತ್ರ ಹಾಕಿ ಮೊತ್ತ, ಹೆಸರು ಖಾಲಿ ಬಿಟ್ಟ ಚೆಕ್ಕು ಕಳೆದಿದ್ದರೆ ಪೊಲೀಸ್ ಠಾಣೆಗೂ ಒಂದು ಅರ್ಜಿ ಕೊಡುವುದು ಒಳ್ಳೆಯದು.

ಪತ್ರ ಬರೆಯುವ ಹಕ್ಕು ಯಾರಿಗೆ ಅನ್ನುವುದರಲ್ಲಿ ಬಹಳ ಮಂದಿಗೆ ಗೊಂದಲ ಇದೆ. ಚೆಕ್ಕು ಬರಬೇಕಾದವರು, ಅಂದರೆ ನಮ್ಮ ನೇಕಾರರು, ಕಾಕಾನ ಬ್ಯಾಂಕಿಗೆ ಹೋಗಿ ನಿಲ್ಲಿಸಿ ಎನ್ನಲು ಬರುವುದಿಲ್ಲ. ಹಣ ಕೊಡಿ ಎಂದು ಚೆಕ್ಕಿನಲ್ಲಿ ಹುಕುಂ ಕೊಟ್ಟವರೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನೇಕಾರರು ಮಾಡಬೇಕಾದ್ದು ಕಾಕಾನಿಗೆ ಬೇಗ ತಿಳಿಸುವುದು. ಗಂಡ ಹೆಂಡತಿ ಅಥವಾ ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದ್ದರೆ, ನಿಲ್ಲಿಸಲು ಸಾಮಾನ್ಯವಾಗಿ ಒಬ್ಬರ ಸಹಿ ಸಾಕು. ಆದರೆ ಆ ತಡೆ ತೆಗೆಯಲು ಎಲ್ಲರೂ ಸಹಿ ಹಾಕಬೇಕು. ಪಾಲುದಾರಿಕೆ ಅಂಗಡಿಗೂ ಇದೇ ರೀತಿ. ನಿಲ್ಲಿಸುವುದು ಹಗುರ, ಬಿಡಿಸುವುದು ಬಿಗಿ. ಹಾಗೇ ಇರಬೇಕಾದ್ದು.

ಇನ್ನೊಂದು ಮಾತು. ಇದೆಲ್ಲ ಚೆಕ್ಕಿಗೆ ಮಾತ್ರ. ಬ್ಯಾಂಕಿನಲ್ಲಿ ಹಣ ಕಟ್ಟಿ ತೆಗೆಸಿದ ಡಿಮ್ಯಾಂಡ್ ಡ್ರಾಫ್ಟು ಟಪಾಲಿನಲ್ಲಿ ಕಳೆದರೆ ಈ ಪತ್ರ ನಡೆಯುವುದಿಲ್ಲ. ಡ್ರಾಫ್ಟಿನಲ್ಲಿ ಹಣ ಕೊಡುತ್ತೇನೆ ಎಂದು ಮಾತು ಕೊಟ್ಟಿರುವುದು ಬ್ಯಾಂಕು, ನೀವಲ್ಲ. ಅದಕ್ಕೆ ನಕಲು ಡ್ರಾಫ್ಟ್ ಕೇಳುವ ಬೇರೆ ಅರ್ಜಿ, ಬೇರೆ ಬಾಂಡು ಇದೆ.

ಶನಿವಾರ ಮುಂಜಾನೆ. ತಿಂಗಳ ಮೂರನೇ ಶನಿವಾರ, ಬ್ಯಾಂಕು ತೆರೆದಿರುತ್ತದೆ (ಎರಡನೇ, ನಾಲ್ಕನೇ ಶನಿವಾರ ರಜೆ). ಕಾಕಾ ಹತ್ತು ಗಂಟೆಗೇ ಬಂದರು. ಪತ್ರ ಎರಡು ಪ್ರತಿ. ಒಂದು ಬ್ಯಾಂಕಿಗೆ, ಇನ್ನೊಂದರ ಮೇಲೆ ಪೋಚು: ಬ್ಯಾಂಕಿನ ಸೀಲು, ತೆಗೆದುಕೊಂಡವರ ಸಹಿ, ತಾರೀಖು, ಮತ್ತು ಹೊತ್ತು. ಸೀಲಿನಲ್ಲಿ ತಾರೀಖು ಇರುತ್ತದೆ, ಹೊತ್ತು ಇರುವುದಿಲ್ಲ. ಪೆನ್ನಿನಲ್ಲಿ ಬರೆಸಿಕೊಳ್ಳಬೇಕು. ಅದೇ ದಿನ ಹನ್ನೊಂದಕ್ಕೆ ಚೆಕ್ಕು ಪಾಸಾಗಿ, ಪತ್ರ 10-10ಕ್ಕೆ ಕೊಟ್ಟಿದ್ದರೆ, ಜಗಳ ನಿಂತಿರುವುದೇ ಆ ಹೊತ್ತಿನ ಮೇಲೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಕೇಳುವವರೇ ಕಡಿಮೆ. ಬಹಳ ಬ್ಯಾಂಕುಗಳಲ್ಲಿ ಇದಕ್ಕೆ ಅಚ್ಚಾದ ಫಾರ್ಮು ಇರುತ್ತದೆ. ಫಾರ್ಮು ಕೊಟ್ಟರೆ ಅದನ್ನೂ ತುಂಬಿ, ಪತ್ರವನ್ನೂ ಜೊತೆಗೆ ಕೊಡಿ. ಶುಲ್ಕ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ತರಹ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ.

ಪೋಚು ಸಿಕ್ಕಿತು ಅಂದರೆ ಪತ್ರ ಸಿಕ್ಕಿತು ಅಂತ ಮಾತ್ರ. ಕಂಪ್ಯೂಟರಿನಲ್ಲಿ ಗುರುತು ಬಿತ್ತು ಅಂತಲ್ಲ. ಇದನ್ನು ಮಾತ್ರ ಮರೆಯಬೇಡಿ. ಅಲ್ಲೇ ನಿಂತು, 'ಸ್ಟಾಪ್ ಆಗಿದೆಯಾ ನೋಡಿ ಹೇಳ್ರಿ' ಎಂದು ಕೇಳಿ. ಮೆಸೇಜ್ ಬರಬೇಕು, ಅಥವಾ ಆ್ಯಪ್‌ನಲ್ಲಿ ಆ ಚೆಕ್ಕಿನ ಮುಂದೆ ಸ್ಟಾಪ್ ಅಂತ ಕಾಣಬೇಕು. ಪತ್ರ ಮೇಜಿನ ಮೇಲೆ ಮಧ್ಯಾಹ್ನದವರೆಗೆ ಉಳಿದ ಉದಾಹರಣೆ ನನ್ನ ಕಣ್ಣೆದುರಿಗೇ ಇದೆ. ಆ ದಿನ ಚೆಕ್ಕು ಬರಲಿಲ್ಲ, ಅದು ಅದೃಷ್ಟ.

ಪತ್ರ ಕೊಟ್ಟ ಮೇಲೂ ಬ್ಯಾಂಕು ಹಣ ಕೊಟ್ಟುಬಿಟ್ಟರೆ? ನಿಮ್ಮ ಹುಕುಂ ಮೀರಿ ಕೊಟ್ಟ ಹಣವನ್ನು ಖಾತೆಗೆ ವಾಪಸ್ ಹಾಕಿ ಎಂದು ಬರಹದಲ್ಲಿ ಕೇಳಿ, ಪೋಚಿನ ನಕಲು ಜೋಡಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ cms.rbi.org.in ನಲ್ಲಿ ದೂರು ಕೊಡಬಹುದು. ಅದಕ್ಕೆ ಫೀಸು ಇಲ್ಲ.

ಈಗ ನೇಕಾರರ ಹಣ. ಚೆಕ್ಕು ನಿಲ್ಲಿಸಿದರೆ ಸಾಲ ತೀರಿದ ಹಾಗಲ್ಲ. ಖಣ ಕೊಟ್ಟವರಿಗೆ 38,400 ಕೊಡಲೇಬೇಕು. ಆದರೆ ಟಪಾಲಿನಲ್ಲಿ ಹೋದ ಚೆಕ್ಕಿನ ಜವಾಬ್ದಾರಿ ಯಾರದ್ದು? ಇದಕ್ಕೆ ನಮ್ಮ ಪಕ್ಕದ ಸೀಮೆಯದೇ ಒಂದು ಹಳೆಯ ಮೊಕದ್ದಮೆ ಇದೆ. ಬೆಳಗಾವಿಯಿಂದ ಉತ್ತರಕ್ಕೆ, ಕರಾಡದ ಹತ್ತಿರ ಓಗಲೆವಾಡಿ. ಅಲ್ಲಿಯ ಓಗಲೆ ಗ್ಲಾಸ್ ವರ್ಕ್ಸ್ ಕಂಪನಿ ಸರಕಾರಕ್ಕೆ ಮಾಲು ಕೊಟ್ಟು, 'ಹಣವನ್ನು ಚೆಕ್ಕಿನಲ್ಲಿ ಕಳಿಸಿ' ಎಂದು ಬರೆದಿತ್ತು. ದಿಲ್ಲಿಯಿಂದ ಟಪಾಲಿನಲ್ಲಿ ಚೆಕ್ಕು ಬಂತು. ಹಣ ಯಾವ ಊರಿನಲ್ಲಿ ಸಿಕ್ಕಿತು ಎಂಬ ಆದಾಯ ತೆರಿಗೆಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1954ರಲ್ಲಿ ಕೋರ್ಟು ಹೇಳಿದ್ದರ ತಿರುಳು ಇಷ್ಟು: ಟಪಾಲಿನಲ್ಲಿ ಕಳಿಸಿ ಎಂದು ಹಣ ಪಡೆಯುವವರೇ ಕೇಳಿದ್ದರೆ ಟಪಾಲಿನವರು ಅವರ ಕಡೆಯ ಆಳು. ಡಬ್ಬಿಗೆ ಹಾಕಿದರೆ ಅವರ ಕೈಗೆ ಕೊಟ್ಟ ಹಾಗೆ. ಕೇಳಿರದಿದ್ದರೆ ಟಪಾಲು ಕಳಿಸಿದವರ ಕಡೆಯ ಆಳು.

ನಮ್ಮ ನೇಕಾರರು ಟಪಾಲಿನಲ್ಲಿ ಕಳಿಸಿ ಎಂದು ಕೇಳಿರಲಿಲ್ಲ. ಕಾಕಾ ತಾವಾಗಿಯೇ ಕಳಿಸಿದ್ದು. ಹಾಗಾಗಿ ದಾರಿಯ ಹೊಣೆ ಕಾಕಾನದೇ. ಅದನ್ನು ಅವರು ಒಂದು ಮಾತಿಲ್ಲದೆ ಒಪ್ಪಿಕೊಂಡರು.

ಹೊಸ ಹಣ ಕೊಡುವ ಮೊದಲು ಎರಡು ಕೆಲಸ. ಹಳೆಯ ಚೆಕ್ಕು ಸ್ಟಾಪ್ ಆಗಿದ್ದನ್ನು ಕಣ್ಣಾರೆ ನೋಡಿರಬೇಕು. ಇಲ್ಲದಿದ್ದರೆ ಎರಡೂ ಪಾಸಾಗಬಹುದು. ಮತ್ತೆ, ಪಡೆಯುವವರಿಂದ ಒಂದು ಚಿಕ್ಕ ಚೀಟಿ ಬರೆಸಿಕೊಳ್ಳಬೇಕು. ನೇಕಾರರು ಬರೆದು ವಾಟ್ಸಾಪ್‌ನಲ್ಲಿ ಕಳಿಸಿದ್ದು ಇಷ್ಟೇ: 'ಚೆಕ್ ಸಂಖ್ಯೆ 004217, ರೂ. 38,400, ನನಗೆ ಮುಟ್ಟಿಲ್ಲ. ಮುಂದೆ ಬಂದರೆ ಬ್ಯಾಂಕಿಗೆ ಹಾಕದೆ ವಾಪಸ್ ಕೊಡುತ್ತೇನೆ.' ಕಳೆದುಹೋದ ಚೆಕ್ಕಿನಂಥ ಕಾಗದಕ್ಕೆ ಬದಲಿ ಕೇಳುವವರಿಂದ ಹೀಗೆ ಭರವಸೆ ಕೇಳಬಹುದು ಎಂದು 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೇ ಇದೆ. ಬೇಜಾರು ಮಾಡಿಕೊಳ್ಳುವಂಥದ್ದಲ್ಲ. ಸೋಮವಾರ ಹಣ ಅವರ ಖಾತೆಗೆ ಎನ್ಇಎಫ್‌ಟಿಯಲ್ಲಿ ಹೋಯಿತು.

ಆದರೂ ಖಾತೆಯಲ್ಲಿ ಆ ಚೆಕ್ಕಿನಷ್ಟು ಹಣ ಇಟ್ಟಿರಿ ಎಂದು ಕಾಕಾನಿಗೆ ಹೇಳಿದೆ. ಕಾರಣ ಇದೆ. ಕಳೆದ ಚೆಕ್ಕು ಹೇಗೋ ಸಿಕ್ಕು ಯಾರಾದರೂ ಜಮಾ ಮಾಡಿದರೆ, 'ಪೇಮೆಂಟ್ ಸ್ಟಾಪ್ಡ್ ಬೈ ಡ್ರಾಯರ್' ಎಂಬ ಚೀಟಿಯ ಜೊತೆ ವಾಪಸ್ ಹೋಗುತ್ತದೆ. ಸ್ಟಾಪ್ ಮಾಡಿದ ಚೆಕ್ಕಿಗೂ ಚೆಕ್ ಬೌನ್ಸಿನ 138ನೇ ಕಲಮು ಹತ್ತಬಹುದು, ಯಾಕಂದರೆ ಸಾಲ ತಪ್ಪಿಸಿಕೊಳ್ಳಲು ಸ್ಟಾಪ್ ಮಾಡುವವರೂ ಇದ್ದಾರೆ. ಎಂಎಂಟಿಸಿ ಮತ್ತು ಮೆಡ್ಚಲ್ ಕೆಮಿಕಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಖಾತೆಯಲ್ಲಿ ಸಾಕಷ್ಟು ಹಣ ಇತ್ತು, ನಿಲ್ಲಿಸಲು ಬೇರೆ ಸರಿಯಾದ ಕಾರಣ ಇತ್ತು ಎಂದು ಚೆಕ್ಕು ಬರೆದವರು ತೋರಿಸಿದರೆ ಅಪರಾಧ ಆಗುವುದಿಲ್ಲ. ಕಾಕಾನ ಹತ್ತಿರ ಎರಡೂ ಇವೆ: ಸ್ಟೇಟ್‌ಮೆಂಟಿನಲ್ಲಿ ಹಣ, ಪತ್ರದಲ್ಲಿ ಕಾರಣ. ಪತ್ರದಲ್ಲಿ 'ಅಂಚೆಯಲ್ಲಿ ಕಳೆದಿದೆ' ಎಂದು ತಾರೀಖುಗಳ ಸಮೇತ ಬರೆದದ್ದು ಅದಕ್ಕೂ ಸೇರಿ.

ಎಷ್ಟು ದಿನ ಹೀಗೆ ಕಾಯಬೇಕು? 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ನವೆಂಬರ್ 3ರ ಚೆಕ್ಕು ಫೆಬ್ರವರಿ ಶುರುವಿನಲ್ಲಿ ತಾನಾಗೇ ಸಾಯುತ್ತದೆ. ಕಾಕಾ ತಾರೀಖು ಹಾಕಿ ಕಳಿಸಿದ್ದು ಒಳ್ಳೆಯದಾಯಿತು. ತಾರೀಖು ಖಾಲಿ ಬಿಟ್ಟು ಕಳಿಸಿದ ಚೆಕ್ಕು ಕಳೆದರೆ, ಸಿಕ್ಕವರು ಯಾವಾಗ ಬೇಕಾದರೂ ತಾರೀಖು ತುಂಬಬಹುದು. ಆಗ ತಡೆಯನ್ನು ಎಂದಿಗೂ ತೆಗೆಸಬೇಡಿ. ತಡೆಗೇ ಒಂದು ಅವಧಿ ಇಟ್ಟಿರುವ ಬ್ಯಾಂಕೂ ಇರಬಹುದು, ಪತ್ರ ಕೊಡುವಾಗಲೇ 'ಇದು ಎಷ್ಟು ದಿನ ಇರುತ್ತದೆ' ಎಂದು ಕೇಳಿಕೊಳ್ಳಿ.

ಡಿಸೆಂಬರ್ ಎರಡನೇ ವಾರ ಆ ಲಕೋಟೆ ಸಿಕ್ಕಿತು. ಕಾಕಾ ಪಿನ್ ಕೋಡಿನಲ್ಲಿ ಒಂದು ಅಂಕಿ ತಪ್ಪು ಬರೆದಿದ್ದರು, ಬೇರೆ ಊರು ಸುತ್ತಿ, ಮೇಲೆ ಮೂರು ಅಂಚೆ ಮುದ್ರೆ ಹೊತ್ತು ಗುಳೇದಗುಡ್ಡ ಮುಟ್ಟಿತ್ತು. ನೇಕಾರರು ಕೂಡಲೇ ಫೋಟೋ ಕಳಿಸಿ, 'ಏನ್ ಮಾಡ್ಲಿರಿ' ಎಂದು ಕೇಳಿದರು. ಇನ್ನೂ ಮೂರು ತಿಂಗಳಾಗಿರಲಿಲ್ಲ, ಚೆಕ್ಕಿಗೆ ಜೀವ ಇತ್ತು. ಆದರೆ ಹಣ ಆಗಲೇ ಹೋಗಿದೆ, ತಡೆ ಬಿಡಿಸಿ ಅದನ್ನು ಓಡಿಸುವ ಮಾತೇ ಇಲ್ಲ. ಮುಂದಿನ ಸಲ ಖಣದ ಗಂಟಿನ ಜೊತೆ ಕಳಿಸಿರಿ ಎಂದು ಕಾಕಾ ಹೇಳಿದರು. ಬಂದ ಮೇಲೆ ಕೆಳಗಿನ ಅಂಕಿಯ ಪಟ್ಟಿಯ ಮೇಲೆ ಅಡ್ಡ ಕತ್ತರಿಸಿ, ಸೀಲು ಬಿದ್ದ ಪತ್ರದ ಪ್ರತಿಯ ಜೊತೆ ಪಿನ್ನು ಹಾಕಿ ಅಂಗಡಿಯ ಫೈಲಿನಲ್ಲಿ ಇಟ್ಟರು. ಆಮೇಲೆ ಚೆಕ್ ಬುಕ್ ತೆಗೆದು, ಮುಂದಿನ ಪುಟದ ಖಾಲಿ ಸಾಲಿನಲ್ಲಿ 004217ರ ಮುಂದೆ 'ಟಪಾಲಿನಲ್ಲಿ ಕಳೆದಿತ್ತು, ಸ್ಟಾಪ್ 14-11-2025' ಎಂದು ಬರೆದು, ಅದರ ಕೆಳಗೆ 004219ನ್ನೂ ತುಂಬಿದರು.